ಒಂದೇ ಬುಟ್ಟಿ, ಮೂರು ಪ್ರಶ್ನೆ: ಸದಸ್ಯರಿಗೆ ಬರುವ ಅಹವಾಲುಗಳ ನಿರ್ವಹಣೆ

(ತಾಲ್ಲೂಕು ಮಟ್ಟದ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಪಂಚಾಯಿತಿ ಕಚೇರಿಗೆ ಬರುವ ಅರ್ಜಿಗೆ ಒಂದು ನಿಶ್ಚಿತ ದಾರಿಯಿದೆ. ಅದು ಆವಕ ವಹಿಯಲ್ಲಿ ನಮೂದಾಗುತ್ತದೆ, ಒಂದು ಸಂಖ್ಯೆಯನ್ನು ಪಡೆಯುತ್ತದೆ, ಬಳಿಕ ಸಂಬಂಧಪಟ್ಟವರ ಮೇಜಿಗೆ ಹೋಗುತ್ತದೆ. ಆದರೆ ಸದಸ್ಯರಾದ ತಮ್ಮ ಬಳಿಗೆ ಬರುವ ಅಹವಾಲಿಗೆ ಅಂತಹ ದಾರಿಯಿಲ್ಲ. ಅದು ಹಾಲಿನ ಡೇರಿಯ ಸಾಲಿನಲ್ಲಿ ಬರುತ್ತದೆ, ಮದುವೆ ಊಟದ ಪಂಕ್ತಿಯಲ್ಲಿ ಬರುತ್ತದೆ, ರಾತ್ರಿ ಒಂಬತ್ತಕ್ಕೆ ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಬರುತ್ತದೆ, ತಾವು ಮನೆಯಲ್ಲಿ ಇಲ್ಲದಾಗ ಮನೆಯವರ ಕಿವಿಗೆ ಬಿದ್ದು ಹೋಗುತ್ತದೆ. ಹೇಳಿದವರು ‘ಮೆಂಬರಿಗೆ ಹೇಳಿದ್ದೇನೆ’ ಎಂದು ನೆಮ್ಮದಿಯಾಗುತ್ತಾರೆ. ಅವರ ಮಟ್ಟಿಗೆ ಅರ್ಜಿ ಸಲ್ಲಿಕೆಯಾಗಿದೆ. ಆದರೆ ಆ ಅರ್ಜಿ ಇರುವುದು ತಮ್ಮ ನೆನಪಿನಲ್ಲಿ ಮಾತ್ರ.

ಇಂತಹ ಬಿಡಿ ಕೆಲಸಗಳನ್ನು ನಿರ್ವಹಿಸುವ ಒಂದು ವಿಧಾನದ ಕುರಿತು ಇಂದು ಮಾತನಾಡಲು ನನ್ನನ್ನು ಕೇಳಿಕೊಳ್ಳಲಾಗಿದೆ. ಅಮೆರಿಕದ ಡೇವಿಡ್ ಅಲೆನ್ ಎಂಬವರು 2001ರಲ್ಲಿ ‘ಗೆಟಿಂಗ್ ಥಿಂಗ್ಸ್ ಡನ್’ ಎಂಬ ಪುಸ್ತಕದಲ್ಲಿ ಇದನ್ನು ವಿವರಿಸಿದರು. 2015ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಿತು. ಕಂಪನಿಗಳ ಅಧಿಕಾರಿಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಬರೆದ ಪುಸ್ತಕವದು. ಸಂಗ್ರಹಿಸುವುದು, ಸ್ಪಷ್ಟಪಡಿಸುವುದು, ವರ್ಗೀಕರಿಸುವುದು, ಅವಲೋಕಿಸುವುದು, ಕೈಗೊಳ್ಳುವುದು ಎಂದು ಅದರಲ್ಲಿ ಐದು ಹಂತಗಳಿವೆ. ನಾನು ಮೊದಲ ಎರಡನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಸದಸ್ಯರ ಬಳಿ ಬಂದ ಅಹವಾಲು ಕಳೆದುಹೋಗುವುದು ಮೊದಲನೆಯ ಹಂತದಲ್ಲಿ. ಕಳೆದುಹೋಗದೆಯೂ ವರ್ಷಗಟ್ಟಲೆ ನಿಂತುಬಿಡುವುದು ಎರಡನೆಯ ಹಂತದಲ್ಲಿ.

ಸಂಗ್ರಹ: ಎಲ್ಲವೂ ಒಂದೇ ಕಡೆಗೆ

ಮೊದಲ ಹಂತದ ನಿಯಮ ಸರಳವಾಗಿದೆ. ಮನಸ್ಸಿಗೆ ಬಂದ, ಕಿವಿಗೆ ಬಿದ್ದ, ಕೈಗೆ ಸಿಕ್ಕ ಪ್ರತಿಯೊಂದು ಬಾಕಿ ವಿಷಯವೂ ತಲೆಯಿಂದ ಹೊರಬಂದು ಒಂದು ಗೊತ್ತಾದ ಸ್ಥಳಕ್ಕೆ ಸೇರಬೇಕು. ಈ ಸ್ಥಳಕ್ಕೆ ನಾವು ಬುಟ್ಟಿ ಎನ್ನೋಣ. ಮನೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯೋ ತಟ್ಟೆಯೋ ಆದರೆ ಸಾಕು. ಹೊರಗೆ ಹೋದಾಗ ಕಿಸೆಯಲ್ಲಿಯೋ ಕೈಚೀಲದಲ್ಲಿಯೋ ಒಂದು ಚಿಕ್ಕ ಪುಸ್ತಕವಿರಲಿ. ಸಂಜೆ ಮನೆಗೆ ಬಂದ ಮೇಲೆ ಅದರಿಂದ ಹರಿದ ಹಾಳೆಗಳು ಅದೇ ಬುಟ್ಟಿಗೆ ಬೀಳಲಿ. ದಾರಿಯಲ್ಲಿ ಕೊಟ್ಟ ಅರ್ಜಿ, ಲಗ್ನಪತ್ರಿಕೆ, ಸಭಾ ಸೂಚನೆ, ಮನೆಯವರು ಬರೆದಿಟ್ಟ ಚೀಟಿ, ಇವೆಲ್ಲಕ್ಕೂ ಅದೊಂದೇ ಜಾಗ. ಓದುಬರಹ ಕಷ್ಟವಾಗಿರುವ ಸದಸ್ಯರು ವಾಟ್ಸ್ಆ್ಯಪ್‌ನಲ್ಲಿ ತಮ್ಮ ಸ್ವಂತ ಸಂಖ್ಯೆಗೇ ಧ್ವನಿ ಸಂದೇಶ ಕಳುಹಿಸಿಕೊಳ್ಳಬಹುದು; ಸಂಜೆ ಮನೆಯ ಮಕ್ಕಳಿಂದ ಅದನ್ನು ಚೀಟಿಗಿಳಿಸಿದರಾಯಿತು.

ಬುಟ್ಟಿಗಳ ಸಂಖ್ಯೆ ಎಷ್ಟು ಕಡಿಮೆಯೋ ಅಷ್ಟು ಒಳಿತು. ಅರ್ಧ ವಿಷಯ ಡೈರಿಯಲ್ಲಿ, ಕಾಲು ಭಾಗ ಗೋಡೆಯ ಕ್ಯಾಲೆಂಡರಿನಲ್ಲಿ, ಉಳಿದದ್ದು ಮೂರು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇದ್ದರೆ, ಯಾವುದನ್ನು ನೋಡಿದರೂ ‘ಇನ್ನೆಲ್ಲೋ ಒಂದಿತ್ತಲ್ಲ’ ಎಂಬ ಶಂಕೆ ಉಳಿಯುತ್ತದೆ. ಆ ಶಂಕೆ ಇರುವವರೆಗೆ ಮನಸ್ಸು ಎಲ್ಲವನ್ನೂ ತಾನೇ ಹೊತ್ತುಕೊಂಡಿರುತ್ತದೆ. ಆಗ ಬರೆದುಕೊಂಡರೂ ಹೊರೆ ಇಳಿಯದು.

ಬರೆದುಕೊಳ್ಳುವಾಗ ವಿಚಾರ ಮಾಡಲು ಹೋಗಬಾರದು. ಇದು ಸಾಧ್ಯವೇ, ಅನುದಾನವಿದೆಯೇ, ಹೇಳಿದವರು ಯಾವ ಕಡೆಯವರು ಎಂಬ ತೂಕ ಆ ಹೊತ್ತಿನಲ್ಲಿ ಬೇಡ. ಯಾರು ಹೇಳಿದರು, ಯಾವ ಸ್ಥಳ, ಏನು, ಯಾವ ದಿನಾಂಕ ಎಂಬ ನಾಲ್ಕು ಸಂಗತಿಗಳು ಮಾತ್ರ ಸಾಕು. ಬೀದಿದೀಪವಾದರೆ ಕಂಬದ ಸಂಖ್ಯೆ ಅಥವಾ ಎದುರಿನ ಮನೆಯ ಗುರುತು ಇರಲಿ. ಅರ್ಧ ನಿಮಿಷದ ಕೆಲಸವಿದು. ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳುತ್ತೇನೆ: ಯಾರ ಆಧಾರ್ ಸಂಖ್ಯೆಯನ್ನೂ ಬ್ಯಾಂಕ್ ಖಾತೆಯ ವಿವರವನ್ನೂ ಈ ಪುಸ್ತಕದಲ್ಲಿ ಬರೆದುಕೊಳ್ಳಬೇಡಿ, ಅವುಗಳ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡಿ. ಪುಸ್ತಕವಾಗಲಿ ಮೊಬೈಲಾಗಲಿ ಕಳೆದುಹೋಗುವ ವಸ್ತು.

ಸ್ಪಷ್ಟೀಕರಣ: ಮೂರು ಪ್ರಶ್ನೆಗಳು

ಬುಟ್ಟಿಯು ಉಗ್ರಾಣವಲ್ಲ. ಅದು ಆಗಾಗ್ಗೆ ಖಾಲಿಯಾಗಲೇಬೇಕು. ದಿನಕ್ಕೊಮ್ಮೆ ಸಾಧ್ಯವಾಗದಿದ್ದರೆ ವಾರಕ್ಕೆ ಎರಡು ದಿನ ಅರ್ಧ ಗಂಟೆ ಕುಳಿತುಕೊಳ್ಳಿ. ಮೇಲಿನ ಚೀಟಿಯನ್ನೇ ಮೊದಲು ತೆಗೆಯಬೇಕು. ಸುಲಭವಾದದ್ದನ್ನು ಹುಡುಕಿ ತೆಗೆಯಬಾರದು. ಒಮ್ಮೆಗೆ ಒಂದೇ ಚೀಟಿ ಕೈಯಲ್ಲಿರಬೇಕು. ಒಮ್ಮೆ ಹೊರತೆಗೆದದ್ದು ಮತ್ತೆ ಬುಟ್ಟಿಗೆ ಹೋಗಬಾರದು.

ಪ್ರತಿ ಚೀಟಿಗೂ ಮೂರು ಪ್ರಶ್ನೆ ಕೇಳಬೇಕು. ಮೊದಲನೆಯದು: ಇದು ಏನು, ಇದರ ಬಗ್ಗೆ ನಾನು ಮಾಡಬೇಕಾದದ್ದು ಏನಾದರೂ ಇದೆಯೇ? ಎರಡನೆಯದು: ಇದು ಮುಗಿಯಿತು ಎನ್ನಬೇಕಾದರೆ ಕಣ್ಣಿಗೆ ಏನು ಕಾಣಿಸಬೇಕು? ಮೂರನೆಯದು: ಅದರತ್ತ ಹೋಗಲು ನಾನು ಮಾಡಬಹುದಾದ ಮುಂದಿನ ಒಂದು ಕೆಲಸ ಯಾವುದು?

ಈ ಮೂರನೆಯ ಪ್ರಶ್ನೆಯೇ ವಿಧಾನದ ತಿರುಳು. ಅಲೆನ್ ಅವರು ಮುಂದಿನ ಕೆಲಸ ಎನ್ನುವುದು ಕೈಕಾಲು ಬಾಯಿಗಳಿಂದ ಮಾಡುವ, ಪಕ್ಕದಲ್ಲಿದ್ದವರಿಗೆ ಕಾಣುವ ಕ್ರಿಯೆಯನ್ನು. ‘ಕ್ರಮ ವಹಿಸುವುದು’, ‘ಗಮನ ಹರಿಸುವುದು’, ‘ಪರಿಶೀಲಿಸುವುದು’ ಎಂಬ ನಮ್ಮ ಕಚೇರಿಯ ಮಾತುಗಳು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಗಮನ ಹರಿಸುತ್ತಿರುವ ಮನುಷ್ಯನನ್ನು ಯಾರೂ ನೋಡಲಾರರು. ನೀರುಗಂಟಿಗೆ ಕರೆ ಮಾಡುತ್ತಿರುವ, ಪಾಸ್‌ಬುಕ್ ತೆರೆದು ನೋಡುತ್ತಿರುವ, ವಾಲ್ವ್ ಬಳಿ ನಿಂತಿರುವ ಮನುಷ್ಯನನ್ನು ನೋಡಬಹುದು. ಬರೆದ ಸಾಲಿನಲ್ಲಿ ಕ್ರಿಯಾಪದವಿದೆಯೇ, ಯಾರೊಂದಿಗೆ ಅಥವಾ ಎಲ್ಲಿ ಎಂಬುದಿದೆಯೇ ಎಂದು ನೋಡಿದರೆ ಸಾಕು.

ಒಂದು ಬುಟ್ಟಿಯನ್ನು ಬಿಡಿಸೋಣ

ಶನಿವಾರ ಸಂಜೆ ಒಬ್ಬ ಸದಸ್ಯೆಯ ಬುಟ್ಟಿಯಲ್ಲಿ ಆರು ಚೀಟಿಗಳಿವೆ ಎಂದು ಭಾವಿಸೋಣ. ಒಂದು ಲಗ್ನಪತ್ರಿಕೆ; ತರಬೇತಿಯಲ್ಲಿ ಕೊಟ್ಟ ಒಂದು ಕೈಪಿಡಿ; ‘ಊರಿಗೆ ಗ್ರಂಥಾಲಯ ಕಟ್ಟಡ’; ‘ಶಾಲೆ ಹತ್ತಿರ ಲೈಟ್ ಇಲ್ಲ’; ‘ಅಜ್ಜಿಗೆ ಪಿಂಚಣಿ ನಿಂತಿದೆ’; ‘ಕಾಲೊನಿಗೆ ನೀರಿಲ್ಲ’.

ಮೊದಲ ಮೂರಕ್ಕೆ ಹೆಚ್ಚು ಹೊತ್ತು ಬೇಡ. ಲಗ್ನದ ದಿನಾಂಕವನ್ನು ಕ್ಯಾಲೆಂಡರಿಗೆ ಬರೆದು ಪತ್ರಿಕೆಯನ್ನು ತೆಗೆದಿಡಬೇಕು. ಕೈಪಿಡಿಯ ಬಗ್ಗೆ ಈಗ ಮಾಡಬೇಕಾದದ್ದು ಏನೂ ಇಲ್ಲ, ಮುಂದೆ ಬೇಕಾಗಬಹುದು. ಅದು ಕಡತಕ್ಕೆ ಸೇರಬೇಕು. ಗ್ರಂಥಾಲಯ ಕಟ್ಟಡ ಒಳ್ಳೆಯ ಆಲೋಚನೆ, ಆದರೆ ಈ ತಿಂಗಳು ಕೈಹಾಕುವ ಕೆಲಸವಲ್ಲ. ಅದಕ್ಕೆ ‘ಮುಂದೆಂದಾದರೂ’ ಎಂಬ ಬೇರೆ ಪಟ್ಟಿ ಇರಲಿ. ಮುಂದಿನ ವರ್ಷದ ಕ್ರಿಯಾ ಯೋಜನೆಯ ಚರ್ಚೆಗೆ ಮೊದಲು ಆ ಪಟ್ಟಿಯನ್ನು ತೆರೆದು ನೋಡಬೇಕು. ಇಂದಿನ ಕೆಲಸಗಳ ನಡುವೆ ಅದನ್ನು ಬಿಟ್ಟರೆ, ಆಗದ ಕೆಲಸವೊಂದು ದಿನವೂ ಕಣ್ಣಿಗೆ ಬಿದ್ದು ಉಳಿದ ಪಟ್ಟಿಯ ಮೇಲಿನ ನಂಬಿಕೆಯೂ ಸವೆಯುತ್ತದೆ.

ನಾಲ್ಕನೆಯದು ಬೀದಿದೀಪ. ಮುಗಿದರೆ ಏನು ಕಾಣಬೇಕು ಎಂಬುದು ಸ್ಪಷ್ಟವಿದೆ: ದೀಪ ಉರಿಯಬೇಕು. ಮುಂದಿನ ಕೆಲಸ ದೀಪ ನಿರ್ವಹಿಸುವವರಿಗೆ ಕಂಬದ ಗುರುತು ಹೇಳಿ ಕರೆ ಮಾಡುವುದು. ಇಲ್ಲಿ ಎರಡು ನಿಮಿಷದ ನಿಯಮ ಅನ್ವಯಿಸುತ್ತದೆ. ಚೀಟಿ ಬಿಡಿಸುವಾಗ ಎರಡು ನಿಮಿಷದೊಳಗೆ ಮುಗಿಯುವ ಕೆಲಸ ಸಿಕ್ಕಿದರೆ ಅದನ್ನು ಪಟ್ಟಿಗೆ ಬರೆಯದೆ ಆಗಲೇ ಮಾಡಿ ಮುಗಿಸಬೇಕು. ಏಕೆಂದರೆ ಬರೆದು, ಮತ್ತೆ ಓದಿ, ಮತ್ತೆ ನೆನಪಿಸಿಕೊಳ್ಳುವುದಕ್ಕೆ ಅದಕ್ಕಿಂತ ಹೆಚ್ಚು ಸಮಯ ಬೇಕು. ಈ ನಿಯಮ ಬುಟ್ಟಿ ಬಿಡಿಸುವ ಹೊತ್ತಿಗೆ ಮಾತ್ರ. ದಿನವಿಡೀ ಬಂದ ಎರಡೆರಡು ನಿಮಿಷದ ಕೆಲಸಗಳ ಹಿಂದೆ ಓಡಿದರೆ ದೊಡ್ಡ ಕೆಲಸಕ್ಕೆ ಸಮಯವೇ ಸಿಗದು.

ಕರೆ ಮಾಡಿದ ಮಾತ್ರಕ್ಕೆ ದೀಪ ಉರಿಯಲಿಲ್ಲ. ಕೆಲಸ ಈಗ ಮತ್ತೊಬ್ಬರ ಕೈಯಲ್ಲಿದೆ. ಆದ್ದರಿಂದ ‘ಕಾಯುತ್ತಿರುವುದು’ ಎಂಬ ಪಟ್ಟಿಯಲ್ಲಿ ಒಂದು ಸಾಲು ಬರೆಯಬೇಕು: ಯಾರಿಗೆ, ಏನು, ಯಾವ ದಿನ ಹೇಳಿದೆ. ದಿನಾಂಕವಿದ್ದರೆ ಮುಂದಿನ ಮಾತಿನ ಧಾಟಿಯೇ ಬದಲಾಗುತ್ತದೆ. ‘ಎಷ್ಟು ಸಲ ಹೇಳಬೇಕು’ ಎಂಬ ಸಿಟ್ಟಿನ ಬದಲು ‘ಶನಿವಾರ ಸಂಜೆ ಹೇಳಿದ್ದೆ, ಇಂದು ಗುರುವಾರ’ ಎಂಬ ಸಂಗತಿ ಮಾತನಾಡುತ್ತದೆ.

ಅಜ್ಜಿಯ ಪಿಂಚಣಿ

ಐದನೆಯ ಚೀಟಿ ಹೀಗಿದೆ: ‘ಅಜ್ಜಿಗೆ ಪಿಂಚಣಿ ನಿಂತಿದೆ, ಮೂರು ತಿಂಗಳಾಯಿತು.’ ಮೊದಲ ಪ್ರಶ್ನೆಯಲ್ಲಿಯೇ ಒಂದು ಸಂಗತಿ ಹೊರಬೀಳುತ್ತದೆ. ಸಂಧ್ಯಾ ಸುರಕ್ಷಾ, ವಿಧವಾ ವೇತನದಂತಹ ಪಿಂಚಣಿಗಳನ್ನು ಮಂಜೂರು ಮಾಡುವುದು ಕಂದಾಯ ಇಲಾಖೆ, ಪಂಚಾಯಿತಿಯಲ್ಲ. ಆದ್ದರಿಂದ ‘ಪಂಚಾಯಿತಿ ಸಭೆಯಲ್ಲಿ ಪ್ರಸ್ತಾಪಿಸುವುದು’ ಎಂಬ ಸಾಲು ಬರೆದರೆ ಅದು ಅಜ್ಜಿಯನ್ನು ಎಲ್ಲಿಗೂ ತಲುಪಿಸದು.

ಹಾಗಾದರೆ ‘ನಾಡಕಚೇರಿಗೆ ಹೋಗುವುದು’ ಎಂದು ಬರೆಯೋಣವೇ? ಅದಕ್ಕೂ ಮೊದಲು ಒಂದು ಕೆಲಸವಿದೆ. ಅಲ್ಲಿ ಹೋದರೆ ಅವರು ಕೇಳುವ ಮೊದಲ ಮಾತು ‘ಮಂಜೂರಾತಿ ಆದೇಶ ತಂದಿದ್ದೀರಾ, ಯಾವ ಖಾತೆಗೆ ಬರುತ್ತಿತ್ತು’ ಎಂಬುದು. ಉತ್ತರವಿಲ್ಲದೆ ಹೋದರೆ ಬಸ್ಸಿನ ಖರ್ಚು ಅಜ್ಜಿಯದು, ಒಂದು ದಿನದ ಕೂಲಿ ಅವರನ್ನು ಕರೆದೊಯ್ದ ಮಗನದು. ಜೊತೆಗೆ ಇನ್ನೊಂದು ಸಾಧ್ಯತೆಯೂ ಇದೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಣವು ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಬೇರೊಂದು ಯೋಜನೆಗಾಗಿ ಅಜ್ಜಿ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿದ್ದರೆ, ಹಣವು ನಿಂತಿಲ್ಲದೆಯೂ ಹಳೆಯ ಪಾಸ್‌ಬುಕ್‌ನಲ್ಲಿ ನಿಂತಂತೆ ಕಾಣಬಹುದು.

ಆದ್ದರಿಂದ ಮುಂದಿನ ಕೆಲಸದ ಸಾಲು ಹೀಗಾಗುತ್ತದೆ: ‘ಭಾನುವಾರ ಬೆಳಿಗ್ಗೆ ಅಜ್ಜಿಯ ಮನೆಗೆ ಹೋಗಿ, ಅವರಲ್ಲಿರುವ ಎಲ್ಲ ಪಾಸ್‌ಬುಕ್‌ಗಳನ್ನೂ ಪಿಂಚಣಿ ಆದೇಶವನ್ನೂ ತೆಗೆಸಿ ನೋಡುವುದು.’ ಎರಡು ಪಾಸ್‌ಬುಕ್ ಸಿಕ್ಕಿದರೆ ಆಮೇಲಿನ ಕೆಲಸ ಎರಡನೆಯ ಬ್ಯಾಂಕಿನಲ್ಲಿ ನಮೂದು ಹಾಕಿಸುವುದು. ಅಲ್ಲಿಯೂ ಹಣ ಬಂದಿಲ್ಲವೆಂದಾದರೆ, ಅಥವಾ ಇರುವುದು ಒಂದೇ ಪಾಸ್‌ಬುಕ್ ಆದರೆ, ಆದೇಶದ ಪ್ರತಿಯೊಂದಿಗೆ ನಾಡಕಚೇರಿ. ಒಂದರ ಉತ್ತರ ಮುಂದಿನದನ್ನು ತೀರ್ಮಾನಿಸುತ್ತದೆ. ಆದಕಾರಣ ಹತ್ತು ಹೆಜ್ಜೆಗಳನ್ನು ಮೊದಲೇ ಬರೆಯುವ ಅಗತ್ಯವಿಲ್ಲ. ಮುಂದಿನ ಒಂದು ಹೆಜ್ಜೆ ಸದಾ ಬರೆದಿರಬೇಕು, ಅಷ್ಟೇ.

ಕಾಲೊನಿಯ ನೀರು

ಆರನೆಯ ಚೀಟಿ ‘ಕಾಲೊನಿಗೆ ನೀರಿಲ್ಲ’. ಇದನ್ನು ಸ್ಪಷ್ಟಪಡಿಸದೆ ಹಾಗೆಯೇ ಸಭೆಗೆ ಒಯ್ದರೆ ಏನಾಗುತ್ತದೆ ಎಂಬುದು ತಮಗೆಲ್ಲ ತಿಳಿದ ವಿಷಯ. ಯಾರೋ ಹೊಸ ಕೊಳವೆಬಾವಿ ಕೊರೆಸಬೇಕೆನ್ನುತ್ತಾರೆ. ಅದು ಬೇಡಿಕೆ ಪಟ್ಟಿಗೆ ಸೇರುತ್ತದೆ, ಅನುದಾನಕ್ಕೆ ಕಾಯುತ್ತದೆ. ಒಂದು ಬೇಸಿಗೆ ಕಳೆಯುತ್ತದೆ. ಚೀಟಿಯಲ್ಲಿದ್ದದ್ದು ಒಂದು ತೊಂದರೆ. ಪಟ್ಟಿಗೆ ಸೇರಿದ್ದು ಒಂದು ಪರಿಹಾರ. ಇವೆರಡರ ನಡುವೆ ಯಾರೂ ಸ್ಥಳಕ್ಕೆ ಹೋಗಿ ನೋಡಿಲ್ಲ.

ಈಗ ಪ್ರಶ್ನೆಗಳನ್ನು ಕೇಳೋಣ. ಇದು ಏನು? ಹೇಳಿದವರನ್ನು ಮತ್ತೆ ವಿಚಾರಿಸಿದಾಗ ತಿಳಿಯುವುದು, ನೀರಿಲ್ಲದಿರುವುದು ಇಡೀ ಕಾಲೊನಿಗಲ್ಲ, ಕೊನೆಯ ಎಂಟು ಮನೆಗಳಿಗೆ ಎಂದು. ಮುಗಿದರೆ ಏನು ಕಾಣಬೇಕು? ‘ನೀರು ಬಿಡುವ ದಿನ ಕೊನೆಯ ಮನೆಯ ನಲ್ಲಿಯಲ್ಲೂ ಅರ್ಧ ಗಂಟೆ ನೀರು ಬರಬೇಕು.’ ಇದು ಅಳೆಯಬಹುದಾದ ಮಾತು. ‘ನೀರಿನ ಸಮಸ್ಯೆ ಬಗೆಹರಿಯಬೇಕು’ ಎಂಬುದನ್ನು ಅಳೆಯಲಾಗದು.

ಮುಂದಿನ ಕೆಲಸ ಯಾವುದು? ‘ಸೋಮವಾರ ಬೆಳಿಗ್ಗೆ ನೀರುಗಂಟಿ ವಾಲ್ವ್ ತೆರೆಯುವಾಗ ಕೊನೆಯ ಮನೆಯ ನಲ್ಲಿಯ ಬಳಿ ನಿಂತು ನೋಡುವುದು.’ ಖರ್ಚಿಲ್ಲ, ಠರಾವು ಬೇಕಿಲ್ಲ. ಅಲ್ಲಿ ನಿಂತು ಒಂದು ಸರಳ ಪರೀಕ್ಷೆ ಮಾಡಿಸಬಹುದು. ಮೇಲಿನ ಬೀದಿಯ ವಾಲ್ವ್ ಮುಚ್ಚಿಸಿ, ಕೆಳಗಿನ ಸಾಲಿಗೆ ಮಾತ್ರ ನೀರು ಬಿಡಿಸಿ. ಕೊನೆಯ ಮನೆಗೆ ನೀರು ಬಂದರೆ, ಟ್ಯಾಂಕಿನಲ್ಲಿ ನೀರಿದೆ, ಕೊಳವೆಯೂ ಸರಿಯಿದೆ ಎಂದಾಯಿತು. ಕೊರತೆಯಿರುವುದು ಒತ್ತಡದಲ್ಲಿ, ಒಮ್ಮೆಗೇ ಎಲ್ಲ ಸಾಲುಗಳನ್ನೂ ತೆರೆಯುವುದರಿಂದ ತುದಿಗೆ ನೀರು ತಲುಪುತ್ತಿಲ್ಲ. ಸರದಿಯಂತೆ ಬಿಟ್ಟರೆ ಬಗೆಹರಿಯಬಹುದು. ಮೇಲಿನ ಬೀದಿ ಮುಚ್ಚಿದರೂ ನೀರು ಬಾರದಿದ್ದರೆ, ಆ ಸಾಲಿನಲ್ಲಿಯೇ ಸೋರಿಕೆಯೋ ಅಡಚಣೆಯೋ ಇರಬೇಕು, ಇಲ್ಲವೇ ಮುಂದಿನ ಮನೆಗಳಲ್ಲಿ ಕೊಳವೆಗೆ ನೇರವಾಗಿ ಮೋಟಾರು ಹಚ್ಚಿ ನೀರೆಳೆಯುತ್ತಿರಬೇಕು. ಕರೆಂಟು ಹೋದ ಹೊತ್ತಿನಲ್ಲಿ ಕೊನೆಯ ಮನೆಗೆ ನೀರು ಬರುತ್ತಿದ್ದರೆ ಮೋಟಾರಿನ ಶಂಕೆ ಬಲವಾಗುತ್ತದೆ. ನೀರು ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂಬುದನ್ನು ಮನೆ ಮನೆಯಾಗಿ ನೋಡುತ್ತ ಹೋದರೆ ಸೋರಿಕೆಯ ಜಾಗವೂ ಹತ್ತಿರವಾಗುತ್ತದೆ. ಟ್ಯಾಂಕೇ ತುಂಬುತ್ತಿಲ್ಲ ಎಂದು ಕಂಡುಬಂದರೆ ಮಾತ್ರ ನೀರಿನ ಮೂಲದ ಪ್ರಶ್ನೆ ಬರುತ್ತದೆ.

ಒಂದು ಬೆಳಗಿನ ಒಂದು ಗಂಟೆಯಲ್ಲಿ, ಇದು ನೀರುಗಂಟಿಯ ವೇಳಾಪಟ್ಟಿಯ ವಿಷಯವೇ, ದುರಸ್ತಿಯ ವಿಷಯವೇ, ಪಂಚಾಯಿತಿ ನೋಟಿಸಿನ ವಿಷಯವೇ ಅಥವಾ ನಿಜವಾಗಿಯೂ ಕೊಳವೆಬಾವಿಯ ವಿಷಯವೇ ಎಂಬುದು ತಿಳಿಯಿತು. ಆಮೇಲೆ ಸಭೆಯಲ್ಲಿ ಮಂಡಿಸಬೇಕಾಗಿ ಬಂದರೂ, ಸದಸ್ಯೆಯ ಬಳಿ ಕೂಗಿನ ಜಾಗದಲ್ಲಿ ಸಾಕ್ಷ್ಯವಿದೆ. ಆಗ ಮುಂದಿನ ಕೆಲಸ ‘ಸಭಾ ಸೂಚನೆ ಹೊರಡುವ ಮೊದಲು ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಲು ಪಿಡಿಒಗೆ ಬರಹದಲ್ಲಿ ಕೊಡುವುದು’ ಎಂದಾಗುತ್ತದೆ.

ಎಲ್ಲಿ ಕೆಡುತ್ತದೆ, ಹೇಗೆ ತಿಳಿಯುವುದು

ಒಂದೇ ಚೀಟಿ ಮೂರನೆಯ ಸಲ ಕೈಗೆ ಬಂದು, ಕೈ ಅದನ್ನು ಬಿಟ್ಟು ಪಕ್ಕದ ಚೀಟಿಗೆ ಹೋದರೆ, ಅದು ಸೋಮಾರಿತನವೆಂದು ತಿಳಿಯಬೇಡಿ. ಅದರಲ್ಲಿ ಬರೆದಿರುವುದು ಇನ್ನೂ ಕೆಲಸವಾಗಿಲ್ಲ ಎಂದರ್ಥ. ‘ರಸ್ತೆ’, ‘ಚರಂಡಿ’, ‘ಇ-ಸ್ವತ್ತು’ ಎಂಬ ಬರಿಯ ನಾಮಪದಗಳು ಸಾಮಾನ್ಯವಾಗಿ ಹೀಗೆ ನಿಲ್ಲುತ್ತವೆ. ಮೂರನೆಯ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿ, ಇನ್ನೂ ಚಿಕ್ಕದಾದ ಹೆಜ್ಜೆಯನ್ನು ಬರೆಯಬೇಕು.

ರಾತ್ರಿ ಮಲಗಿದ ಮೇಲೆ ‘ಅಯ್ಯೋ, ಅದೊಂದಿತ್ತಲ್ಲ’ ಎಂದು ಮತ್ತೆ ಮತ್ತೆ ಎಚ್ಚರವಾಗುತ್ತಿದ್ದರೆ, ಒಂದೋ ವಿಷಯ ಬುಟ್ಟಿಗೆ ಬಿದ್ದಿಲ್ಲ, ಇಲ್ಲವೇ ಬುಟ್ಟಿ ಖಾಲಿಯಾಗುತ್ತಿಲ್ಲ. ಮನಶ್ಶಾಸ್ತ್ರಜ್ಞರಾದ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬವರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದಕ್ಕೆ ಹತ್ತಿರದ ಸಂಗತಿ ಕಂಡುಬಂದಿದೆ. ಮುಗಿಯದ ಕೆಲಸದ ಯೋಚನೆ ಬೇರೆ ಕೆಲಸದ ನಡುವೆ ನುಗ್ಗಿ ಅಡ್ಡಿಪಡಿಸುತ್ತದೆ. ಆದರೆ ಅದನ್ನು ಹೇಗೆ ಮಾಡುವುದೆಂದು ನಿರ್ದಿಷ್ಟವಾಗಿ ಯೋಜಿಸಿದವರಲ್ಲಿ, ಕೆಲಸ ಇನ್ನೂ ಮುಗಿಯದಿದ್ದರೂ, ಆ ಅಡ್ಡಿ ಕಡಿಮೆಯಾಯಿತು.

ಈ ವಿಧಾನದ ಮಿತಿಗಳನ್ನೂ ಹೇಳಬೇಕು. ಇದು ಅನುದಾನ ತರುವುದಿಲ್ಲ. ಎರಡು ಕೆಲಸಗಳಲ್ಲಿ ಯಾವುದು ಮೊದಲು ಎಂಬ ತೀರ್ಮಾನವನ್ನೂ ಅದು ಮಾಡಿಕೊಡದು. ಅದು ತಮ್ಮ ಮತ್ತು ಸಭೆಯ ಹೊಣೆ. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಬುಟ್ಟಿಯು ಕಚೇರಿಯ ಆವಕ ವಹಿಗೆ ಪರ್ಯಾಯವಲ್ಲ. ಯಾರಾದರೂ ತಮ್ಮ ಕೈಗೆ ಲಿಖಿತ ಅರ್ಜಿ ಕೊಟ್ಟರೆ ಅದರ ಮುಂದಿನ ಕೆಲಸ ಸದಾ ಒಂದೇ: ಕಚೇರಿಯಲ್ಲಿ ಸಲ್ಲಿಸಿ, ಸ್ವೀಕೃತಿ ಪಡೆದು, ಅರ್ಜಿದಾರರಿಗೆ ತಲುಪಿಸುವುದು. ಅದು ತಮ್ಮ ಕಿಸೆಯಲ್ಲಿ ಉಳಿದಷ್ಟು ದಿನ ಅರ್ಜಿದಾರರ ಕಾಲಮಿತಿಯ ಲೆಕ್ಕವೇ ಆರಂಭವಾಗುವುದಿಲ್ಲ.

ಊಟದ ನಂತರದ ಅಧಿವೇಶನದಲ್ಲಿ ತಮ್ಮೆಲ್ಲರಿಗೂ ಹತ್ತು ಖಾಲಿ ಚೀಟಿಗಳನ್ನು ಕೊಡಲಾಗುತ್ತದೆ. ಈಗ ತಮ್ಮ ತಲೆಯಲ್ಲಿರುವ ಅಹವಾಲುಗಳನ್ನು ಒಂದು ಚೀಟಿಗೆ ಒಂದರಂತೆ ಬರೆಯಿರಿ. ಬಳಿಕ ಅವುಗಳಲ್ಲಿ ಅತ್ಯಂತ ಹಳೆಯದನ್ನು ಆರಿಸಿ, ಅದರ ಹಿಂಬದಿಯಲ್ಲಿ ಕ್ರಿಯಾಪದವಿರುವ ಒಂದೇ ಒಂದು ಸಾಲನ್ನು ಬರೆಯಿರಿ. ಆ ಸಾಲುಗಳನ್ನು ನಾವು ಒಟ್ಟಿಗೆ ಓದೋಣ. ಪಕ್ಕದಲ್ಲಿ ಕುಳಿತವರಿಗೆ ಆ ಕೆಲಸ ಕಣ್ಣಿಗೆ ಕಟ್ಟಿದರೆ ಸಾಲು ಸರಿಯಿದೆ, ಇಲ್ಲವಾದರೆ ಇನ್ನೊಮ್ಮೆ ಬರೆಯೋಣ.